ನಾಲ್ಕು ಸಾವಿರ ಗಂಟೆಯ ಲೆಕ್ಕ: ಒಂದು ಗಣಿತ ಚಾನೆಲ್‌ನ ಅನುಭವ

ಹಾಸನದಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ಗಣಿತದ ಮನೆಪಾಠ ಹೇಳುವ ನಾನು, ಅದೇ ಪಾಠಗಳನ್ನು ಕನ್ನಡದಲ್ಲಿ ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುತ್ತೇನೆ. ಚಾನೆಲ್‌ನಿಂದ ಹಣ ಬರಲು ಏನು ಬೇಕೆಂದು ಕೇಳುವವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ ಸಾಲಿನದು: ಸಾವಿರ ಚಂದಾದಾರರು ಮತ್ತು ನಾಲ್ಕು ಸಾವಿರ ಗಂಟೆಗಳ ವೀಕ್ಷಣೆ. ಉತ್ತರ ತಪ್ಪಲ್ಲ. 2018ರಿಂದ ಜಾಹೀರಾತಿನ ಪಾಲು ಪಡೆಯಲು ಇರುವ ಮುಖ್ಯ ಅರ್ಹತೆ ಇದೇ. ಆದರೆ ಆ ನಾಲ್ಕು ಸಾವಿರ ಗಂಟೆಗಳನ್ನು ಯಾವ ಅವಧಿಯಲ್ಲಿ, ಯಾವ ವೀಕ್ಷಣೆಗಳಿಂದ ಎಣಿಸುತ್ತಾರೆ ಎಂಬುದನ್ನು ತಿಳಿಯದಿದ್ದರೆ, ಚಾನೆಲ್ ನಿರ್ವಹಿಸುವ ಯೂಟ್ಯೂಬ್ ಸ್ಟುಡಿಯೊದಲ್ಲಿ ಕಾಣುವ ಅಂಕಿಗಳು ಅರ್ಥವಾಗುವುದಿಲ್ಲ.

ಮೊದಲು ಗಾತ್ರದ ಅಂದಾಜು ಮಾಡೋಣ. ನಾಲ್ಕು ಸಾವಿರ ಗಂಟೆ ಎಂದರೆ 2,40,000 ನಿಮಿಷ. ವಿಡಿಯೊ ಇಪ್ಪತ್ತು ನಿಮಿಷದ್ದಾದರೂ ನೋಡುಗರು ಅಷ್ಟನ್ನೂ ನೋಡುವುದಿಲ್ಲ. ಸಮಾಂತರ ಶ್ರೇಢಿಯ ಪಾಠಕ್ಕೆ ಬರುವ ವಿದ್ಯಾರ್ಥಿ ತನಗೆ ಬಿಡಿಸಲಾಗದ ಒಂದು ಲೆಕ್ಕ ಎಲ್ಲಿದೆಯೋ ಅಲ್ಲಿಗೆ ಎಳೆದುಕೊಂಡು ಹೋಗಿ, ಅದನ್ನಷ್ಟೇ ನೋಡಿ ಹೊರಟುಬಿಡುತ್ತಾನೆ. ಒಬ್ಬರು ಸರಾಸರಿ ನಾಲ್ಕು ನಿಮಿಷ ನೋಡಿದರು ಎಂದುಕೊಂಡರೆ ವರ್ಷಕ್ಕೆ ಅರವತ್ತು ಸಾವಿರ ವೀಕ್ಷಣೆಗಳು ಬೇಕು. ಸರಾಸರಿ ಆರು ನಿಮಿಷಕ್ಕೆ ಏರಿದರೆ ನಲವತ್ತು ಸಾವಿರ ಸಾಕು. ಹೀಗಾಗಿ ಹೊಸ ವಿಡಿಯೊಗಳ ಸಂಖ್ಯೆ ಹೆಚ್ಚಿಸುವುದಕ್ಕಿಂತ, ಒಂದು ಪಾಠದೊಳಗೆ ಲೆಕ್ಕಗಳನ್ನು ಒಂದರ ಬೆನ್ನಿಗೊಂದು ಇಟ್ಟು, ಬಂದವರನ್ನು ಎರಡನೇ ಲೆಕ್ಕದವರೆಗೂ ಕೂರಿಸುವುದೇ ನನಗೆ ಹೆಚ್ಚು ಫಲ ಕೊಟ್ಟಿತು. ಶಾಲೆಯೊಂದರಲ್ಲಿ ಸ್ಮಾರ್ಟ್ ಬೋರ್ಡಿನ ಮೇಲೆ ನಲವತ್ತು ಮಕ್ಕಳಿಗೆ ನನ್ನ ಪಾಠ ತೋರಿಸಿದರೆಂದು ಕೇಳಿ ಸಂತೋಷವಾದದ್ದು ನಿಜ, ಆದರೆ ಗಂಟೆಗಳ ಲೆಕ್ಕದಲ್ಲಿ ಅದು ಒಬ್ಬರೇ ನೋಡಿದಂತೆ.

ಈಗ ಅವಧಿಯ ವಿಷಯ. ಈ ಗಂಟೆಗಳು ಚಾನೆಲ್ ಆರಂಭವಾದಂದಿನಿಂದ ಸೇರುತ್ತ ಹೋಗುವ ಮೊತ್ತವಲ್ಲ. ಕಳೆದ 365 ದಿನಗಳಲ್ಲಿ ಬಂದದ್ದು ಮಾತ್ರ. ಪ್ರತಿದಿನ ಒಂದು ಹೊಸ ದಿನ ಒಳಗೆ ಬರುತ್ತದೆ, ಕಳೆದ ವರ್ಷದ ಅದೇ ದಿನ ಹೊರಗೆ ಹೋಗುತ್ತದೆ. ವರ್ಷವಿಡೀ ಒಂದೇ ಸಮನೆ ನೋಡುವ ಅಡುಗೆಯ ಚಾನೆಲ್‌ನವರಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಎಸ್ಸೆಸ್ಸೆಲ್ಸಿ ಪಾಠದ ಚಾನೆಲ್‌ಗೆ ಇದೇ ಎಲ್ಲವೂ, ಏಕೆಂದರೆ ನಮ್ಮ ವೀಕ್ಷಣೆಯ ದೊಡ್ಡ ಪಾಲು ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲೇ ಬರುತ್ತದೆ.

ಒಂದು ಉದಾಹರಣೆಯ ಮೂಲಕ ಹೇಳುತ್ತೇನೆ. ಫೆಬ್ರವರಿ ಕೊನೆಗೆ ಚಾನೆಲ್‌ನಲ್ಲಿ 3,600 ಗಂಟೆಗಳಿವೆ ಎಂದುಕೊಳ್ಳಿ. ಮಾರ್ಚ್‌ನಲ್ಲಿ 900 ಗಂಟೆ ಬರುವ ಅಂದಾಜಿದೆ. ಕೂಡಿಸಿದರೆ 4,500 ಆಗಬೇಕು, ತಿಂಗಳ ನಡುವೆಯೇ ಗುರಿ ಮುಟ್ಟಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಹಿಂದಿನ ವರ್ಷದ ಮಾರ್ಚ್‌ನಲ್ಲಿ 700 ಗಂಟೆ ಬಂದಿತ್ತಾದರೆ ಆ 700 ಗಂಟೆಗಳು ಈ ಮಾರ್ಚ್‌ನಲ್ಲೇ ಒಂದೊಂದು ದಿನವಾಗಿ ಕಳಚುತ್ತವೆ. ತಿಂಗಳ ಕೊನೆಗೆ ಉಳಿಯುವುದು 3,800. ಮನೆಯವರೂ ಸ್ನೇಹಿತರೂ ‘ಇಷ್ಟು ಜನ ನೋಡುತ್ತಿದ್ದರೂ ಗಂಟೆ ಏಕೆ ಏರುತ್ತಿಲ್ಲ’ ಎಂದು ಕೇಳುವುದು ಈ ಹೊತ್ತಿನಲ್ಲೇ. ಅಂದರೆ ಋತುಮಾನದ ಚಾನೆಲ್‌ನಲ್ಲಿ ಗುರಿ ದಾಟಿಸುವುದು ಈ ವರ್ಷದ ವೀಕ್ಷಣೆಯಲ್ಲ, ಕಳೆದ ವರ್ಷದ ಅದೇ ತಿಂಗಳಿಗಿಂತ ಈ ವರ್ಷ ಎಷ್ಟು ಹೆಚ್ಚಾಯಿತು ಎಂಬ ವ್ಯತ್ಯಾಸ.

ಇದನ್ನು ಗಮನಿಸಿದ ಮೇಲೆ ನಾನು ಪರೀಕ್ಷೆಯ ತಿಂಗಳುಗಳಲ್ಲಿ ಹೆಣಗುವುದನ್ನು ಬಿಟ್ಟು, ಹಿಂದಿನ ವರ್ಷ ಚಾನೆಲ್ ಬಹುತೇಕ ಖಾಲಿಯಿದ್ದ ತಿಂಗಳುಗಳ ಕಡೆಗೆ ತಿರುಗಿದೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುವ ಪದ್ಧತಿ ಬಂದ ನಂತರ, ಮೊದಲ ಪರೀಕ್ಷೆಯಲ್ಲಿ ಗಣಿತ ಉಳಿಸಿಕೊಂಡವರು ಮುಂದಿನ ಪರೀಕ್ಷೆಗಾಗಿ ಬೇಸಿಗೆಯಲ್ಲೂ ಓದುತ್ತಾರೆ. ಅವರಿಗೆಂದೇ ತ್ರಿಕೋನಮಿತಿ ಮತ್ತು ವರ್ಗ ಸಮೀಕರಣಗಳನ್ನು ಅಡಿಪಾಯದಿಂದ ನಿಧಾನವಾಗಿ ಹೇಳುವ ಪಾಠಗಳನ್ನು ಮಾಡಿದೆ. ಆ ತಿಂಗಳುಗಳಲ್ಲಿ ಕಳಚುವ ಗಂಟೆಗಳು ಕಡಿಮೆಯಿದ್ದುದರಿಂದ ಬಂದದ್ದೆಲ್ಲ ಹೆಚ್ಚುಕಡಿಮೆ ಪೂರ್ತಿ ಉಳಿಯಿತು, ಚಾನೆಲ್ ಗುರಿ ದಾಟಿದ್ದೂ ಆಗಲೇ.

ಯಾವ ವೀಕ್ಷಣೆ ಎಣಿಕೆಗೆ ಬರುತ್ತದೆ ಎಂಬುದೂ ಅಷ್ಟೇ ಮುಖ್ಯ. ಸಾರ್ವಜನಿಕವಾಗಿರುವ ವಿಡಿಯೊಗಳ ಗಂಟೆ ಮಾತ್ರ ಸೇರುತ್ತದೆ. ವಿಡಿಯೊವನ್ನು ಖಾಸಗಿ ಮಾಡಿದರೆ, ಲಿಂಕ್ ಇದ್ದವರಿಗಷ್ಟೇ ಕಾಣುವಂತೆ ಇಟ್ಟರೆ, ಇಲ್ಲವೇ ಅಳಿಸಿದರೆ ಅದರಿಂದ ಹಿಂದೆ ಬಂದಿದ್ದ ಗಂಟೆಗಳೂ ಲೆಕ್ಕದಿಂದ ಹೋಗುತ್ತವೆ. ಪಠ್ಯದಿಂದ ಕೈಬಿಟ್ಟ ಪಾಠಗಳ ವಿಡಿಯೊಗಳನ್ನು ತೆಗೆದುಹಾಕುವ ಯೋಚನೆ ನನಗಿತ್ತು. ಅವುಗಳ ಶೀರ್ಷಿಕೆಯಲ್ಲಿ ‘ಹಳೆಯ ಪಠ್ಯ’ ಎಂದು ಸೇರಿಸಿ ಹಾಗೆಯೇ ಉಳಿಸಿದ್ದಕ್ಕೆ ಈ ನಿಯಮವೇ ಕಾರಣ. ನೇರಪ್ರಸಾರದ ಪಾಠಕ್ಕೂ ಇದೇ ಮಾತು ಅನ್ವಯ: ಮುಗಿದ ಮೇಲೆ ಅದನ್ನು ಸಾರ್ವಜನಿಕವಾಗಿಯೇ ಬಿಡಬೇಕು. ಹಣ ಕೊಟ್ಟು ಜಾಹೀರಾತಿನಂತೆ ತೋರಿಸಿದ ವಿಡಿಯೊದ ವೀಕ್ಷಣೆಯೂ ಸೇರುವುದಿಲ್ಲ.

ಶಾರ್ಟ್ಸ್ ಬಗ್ಗೆ ಇರುವ ಗೊಂದಲ ದೊಡ್ಡದು. ಶಾರ್ಟ್ಸ್ ಸಾಲಿನಲ್ಲಿ ಬೆರಳಿನಿಂದ ಸರಿಸುತ್ತ ನೋಡಿದ ಸಮಯ ನಾಲ್ಕು ಸಾವಿರ ಗಂಟೆಗೆ ಸೇರದು. ಅದಕ್ಕೆ ಬೇರೆಯದೇ ದಾರಿಯಿದೆ: ಸಾವಿರ ಚಂದಾದಾರರ ಜೊತೆಗೆ 90 ದಿನಗಳಲ್ಲಿ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆ. ಎರಡು ದಾರಿಗಳ ಅಂಕಿಗಳನ್ನು ಬೆರೆಸಲು ಬರುವುದಿಲ್ಲ. 2024ರ ಅಕ್ಟೋಬರ್ 15ರಿಂದ ಮೂರು ನಿಮಿಷದವರೆಗಿನ ಲಂಬ ಅಥವಾ ಚೌಕ ವಿಡಿಯೊಗಳನ್ನೂ ಶಾರ್ಟ್ಸ್ ಎಂದೇ ಪರಿಗಣಿಸುತ್ತಿರುವುದರಿಂದ, ಒಂದೊಂದೇ ಸೂತ್ರ ಹೇಳುವ ಎರಡೂವರೆ ನಿಮಿಷದ ಪಾಠಗಳನ್ನು ನಾನು ಈಗ ಫೋನನ್ನು ಅಡ್ಡ ಇಟ್ಟು ಚಿತ್ರೀಕರಿಸುತ್ತೇನೆ. ಶಾರ್ಟ್ಸ್‌ನಿಂದ ನನಗೆ ಬಂದದ್ದು ಚಂದಾದಾರರು. ಸಾವಿರದ ಅಂಕಿ ಗಂಟೆಗಳಿಗಿಂತ ಬಹಳ ಮೊದಲೇ ತುಂಬಿದ್ದು ಅವುಗಳಿಂದಲೇ.

ಇಷ್ಟನ್ನೂ ತಿಳಿದ ಮೇಲೆ ಅನಲಿಟಿಕ್ಸ್‌ನಲ್ಲಿ ಕಾಣುವ ಗಂಟೆಗೂ Earn ಪುಟದಲ್ಲಿ ಕಾಣುವ ಗಂಟೆಗೂ ಏಕೆ ಹೊಂದುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಅನಲಿಟಿಕ್ಸ್ ಎಲ್ಲ ವೀಕ್ಷಣೆಯನ್ನೂ ತೋರಿಸುತ್ತದೆ. Earn ಪುಟ ಅರ್ಹವಾದುದನ್ನಷ್ಟೇ, ಅದೂ ಕೊಂಚ ತಡವಾಗಿ ತೋರಿಸುತ್ತದೆ. ನಂಬಬೇಕಾದದ್ದು ಎರಡನೆಯದನ್ನು.

ಇದಕ್ಕಿಂತ ಕೆಳಗೆ ಇನ್ನೊಂದು ಮೆಟ್ಟಿಲೂ ಇದೆ. 500 ಚಂದಾದಾರರು, 90 ದಿನಗಳಲ್ಲಿ ಮೂರು ಸಾರ್ವಜನಿಕ ವಿಡಿಯೊ, ಮತ್ತು ವರ್ಷದಲ್ಲಿ 3,000 ಗಂಟೆ ಅಥವಾ 90 ದಿನಗಳಲ್ಲಿ 30 ಲಕ್ಷ ಶಾರ್ಟ್ಸ್ ವೀಕ್ಷಣೆ ಇದ್ದರೆ ಸದಸ್ಯತ್ವ, ನೋಡುಗರು ಮೆಚ್ಚಿ ಹಣ ಕೊಡುವ ಸೂಪರ್ ಥ್ಯಾಂಕ್ಸ್ ಮುಂತಾದವು ತೆರೆಯುತ್ತವೆ. ಅವುಗಳಿಂದ ಬರುವುದರಲ್ಲಿ ಶೇ. 70 ನಮ್ಮದು. ಜಾಹೀರಾತಿನ ಪಾಲು ಈ ಹಂತದಲ್ಲಿ ಇರುವುದಿಲ್ಲ. ಜೇಬಿನಲ್ಲಿ ಹಣವಿಲ್ಲದ ಹತ್ತನೇ ತರಗತಿಯ ಮಕ್ಕಳಿಂದ ಸೂಪರ್ ಥ್ಯಾಂಕ್ಸ್ ನಿರೀಕ್ಷಿಸುವಂತೆಯೂ ಇರಲಿಲ್ಲವಾದ್ದರಿಂದ ನಾನು ಅದನ್ನು ಹೆಚ್ಚು ಬಳಸಲಿಲ್ಲ.

ಅಂಕಿಗಳು ತುಂಬಿದ ಮಾತ್ರಕ್ಕೆ ಹಣ ಶುರುವಾಗದು. ಗೂಗಲ್ ಖಾತೆಗೆ ಎರಡು ಹಂತದ ಪರಿಶೀಲನೆ ಇರಬೇಕು, ಚಾನೆಲ್ ಮೇಲೆ ಸಮುದಾಯ ನಿಯಮಗಳ ಸ್ಟ್ರೈಕ್ ಇರಬಾರದು, ಹಣ ಪಾವತಿಗೆ ಗೂಗಲ್‌ನ ಆಡ್‌ಸೆನ್ಸ್ ಖಾತೆ ಜೋಡಿಸಬೇಕು. ಆಮೇಲೆ ಚಾನೆಲ್ ಪರಿಶೀಲನೆಗೆ ಹೋಗುತ್ತದೆ. ಇದಕ್ಕೆ ಸಾಮಾನ್ಯವಾಗಿ ಒಂದು ತಿಂಗಳಷ್ಟು ಸಮಯ ಹೇಳುತ್ತಾರೆ. ಪರಿಶೀಲಕರು ನೋಡುವುದು ಚಾನೆಲ್‌ನ ಮುಖ್ಯ ವಿಷಯ, ಹೆಚ್ಚು ನೋಡಲ್ಪಟ್ಟ ಮತ್ತು ಹೊಸ ವಿಡಿಯೊಗಳು, ಶೀರ್ಷಿಕೆ, ವಿವರಣೆ ಇತ್ಯಾದಿ. ಪಾಠದ ಚಾನೆಲ್‌ಗಳು ಎಡವುವುದು ಇಲ್ಲಿಯೇ. ಪಠ್ಯಪುಸ್ತಕದ ಪುಟಗಳನ್ನು ತೋರಿಸುತ್ತ ಹಿನ್ನೆಲೆ ಸಂಗೀತ ಹಾಕಿದ ವಿಡಿಯೊಗಳು, ಒಂದೇ ಅಚ್ಚಿನಲ್ಲಿ ತೆಗೆದ ನೂರಾರು ಪ್ರಶ್ನೋತ್ತರ ಸ್ಲೈಡುಗಳು ಸ್ವಂತ ಕೆಲಸವೆಂದು ಕಾಣಿಸುವುದಿಲ್ಲ. ನನ್ನ ವಿಡಿಯೊಗಳಲ್ಲಿ ಬೋರ್ಡಿನ ಮೇಲೆ ಬರೆಯುವ ಕೈಯೂ ವಿವರಿಸುವ ದನಿಯೂ ನನ್ನದೇ ಆಗಿದ್ದುದರಿಂದ ತೊಂದರೆಯಾಗಲಿಲ್ಲ. ತಿರಸ್ಕೃತವಾದರೆ 21 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಮೊದಲ ಸಲ ತಿರಸ್ಕೃತರಾದವರು 30 ದಿನಗಳ ನಂತರ ಮತ್ತೆ ಅರ್ಜಿ ಹಾಕಬಹುದು. ಒಮ್ಮೆ ಒಳಗೆ ಬಂದ ಮೇಲೆ ಗಂಟೆ ನಾಲ್ಕು ಸಾವಿರಕ್ಕಿಂತ ಕೆಳಗಿಳಿಯಿತೆಂದು ತಾನಾಗಿಯೇ ಹೊರಹಾಕುವುದಿಲ್ಲ, ಆದರೆ ಆರು ತಿಂಗಳು ಏನನ್ನೂ ಹಾಕದೆ ಬಿಟ್ಟ ಚಾನೆಲ್‌ನ ಸೌಲಭ್ಯವನ್ನು ಹಿಂಪಡೆಯುವ ಹಕ್ಕು ಅವರಿಗಿದೆ.

ಇನ್ನು ಪಾಲಿನ ವಿಷಯ. ಸಾಮಾನ್ಯ ವಿಡಿಯೊದ ಜಾಹೀರಾತಿನ ಆದಾಯದಲ್ಲಿ ಶೇ. 55 ನಮಗೆ, ಉಳಿದದ್ದು ಯೂಟ್ಯೂಬಿಗೆ. ಎಲ್ಲ ವೀಕ್ಷಣೆಗೂ ಜಾಹೀರಾತು ಬರುವುದಿಲ್ಲ ಎಂಬುದನ್ನು ಇದರೊಂದಿಗೆ ಸೇರಿಸಿ ಓದಬೇಕು. ಕಲ್ಪಿತ ಅಂಕಿಗಳಲ್ಲಿ ಹೇಳುವುದಾದರೆ, ಹತ್ತು ಸಾವಿರ ವೀಕ್ಷಣೆಗಳಲ್ಲಿ ನಾಲ್ಕು ಸಾವಿರಕ್ಕೆ ಮಾತ್ರ ಜಾಹೀರಾತು ಬಂದು, ಜಾಹೀರಾತುದಾರರು ಸಾವಿರಕ್ಕೆ ನೂರು ರೂಪಾಯಿಯಂತೆ ಒಟ್ಟು ನಾನೂರು ಕೊಟ್ಟರು ಎನ್ನೋಣ. ನಮ್ಮ ಪಾಲು 220 ರೂಪಾಯಿ. ಅದನ್ನು ಹತ್ತು ಸಾವಿರ ವೀಕ್ಷಣೆಗೆ ಹಂಚಿದರೆ ಸಾವಿರಕ್ಕೆ 22 ರೂಪಾಯಿ. ಸ್ಟುಡಿಯೊದಲ್ಲಿ ಮೊದಲಿನ ನೂರನ್ನು ಸಿಪಿಎಂ ಬಗೆಯ ಅಂಕಿಯಾಗಿಯೂ ಕೊನೆಯ 22ನ್ನು ಆರ್‌ಪಿಎಂ ಆಗಿಯೂ ತೋರಿಸುತ್ತಾರೆ. ನೂರರಲ್ಲಿ ಐವತ್ತೈದು ಬರಬೇಕಿತ್ತಲ್ಲ, ಇಪ್ಪತ್ತೆರಡೇ ಏಕೆ ಎಂಬ ದೂರಿಗೆ ಉತ್ತರ ಈ ಭಾಗಾಕಾರದಲ್ಲಿದೆ. ಶಾರ್ಟ್ಸ್‌ನಲ್ಲಿ ಲೆಕ್ಕ ಬೇರೆ. ಸಾಲಿನ ನಡುವಿನ ಜಾಹೀರಾತುಗಳ ಹಣವನ್ನು ಒಟ್ಟುಗೂಡಿಸಿ, ವೀಕ್ಷಣೆಗೆ ತಕ್ಕಂತೆ ನಮ್ಮ ಹೆಸರಿಗೆ ಬಿದ್ದುದರಲ್ಲಿ ಶೇ. 45 ಕೊಡುತ್ತಾರೆ.

ನಮ್ಮ ಕೈಯಲ್ಲಿರುವುದು ಒಂದೇ, ನಡುವಿನ ಜಾಹೀರಾತಿನ ಜಾಗ. ಎಂಟು ನಿಮಿಷ ಅಥವಾ ಅದಕ್ಕಿಂತ ಉದ್ದದ ವಿಡಿಯೊಗಳಲ್ಲಿ ಮಾತ್ರ ಇದಕ್ಕೆ ಅವಕಾಶ. ಯಂತ್ರವೇ ಆರಿಸಿದ ಜಾಗ ಕೆಲವೊಮ್ಮೆ ಲೆಕ್ಕದ ಮೂರನೇ ಹೆಜ್ಜೆಯಲ್ಲಿ ಬಂದು ಕೂರುತ್ತದೆ, ವಿದ್ಯಾರ್ಥಿ ಅಲ್ಲಿಯೇ ಎದ್ದು ಹೋಗುತ್ತಾನೆ. ಆದ್ದರಿಂದ ಉತ್ತರಕ್ಕೆ ಚೌಕ ಎಳೆದು ಬೋರ್ಡ್ ಒರೆಸುವ ಕ್ಷಣದಲ್ಲಿ ನಾನೇ ಅದನ್ನು ಇಡುತ್ತೇನೆ.

ಕೊನೆಯದಾಗಿ ಹಣ ಕೈಗೆ ಬರುವ ಬಗೆ. ಗಳಿಕೆ ಹತ್ತು ಡಾಲರ್ ಮುಟ್ಟಿದಾಗ ವಿಳಾಸ ದೃಢಪಡಿಸುವ ಪಿನ್ ಅಂಚೆಯಲ್ಲಿ ಬರುತ್ತದೆ. ನಾಲ್ಕು ತಿಂಗಳೊಳಗೆ ಅದನ್ನು ನಮೂದಿಸಬೇಕು, ಆದ್ದರಿಂದ ಅಂಚೆಯಣ್ಣನಿಗೆ ಅರ್ಥವಾಗುವಂತೆ ವಿಳಾಸ ಬರೆಯಬೇಕು. ಅಮೆರಿಕದ ತೆರಿಗೆಯ W-8BEN ಅರ್ಜಿಯನ್ನು ಪ್ಯಾನ್ ಸಂಖ್ಯೆಯೊಂದಿಗೆ ತುಂಬಿದರೆ, ಅಲ್ಲಿನ ನೋಡುಗರಿಂದ ಬಂದ ಭಾಗಕ್ಕಷ್ಟೇ ಭಾರತ-ಅಮೆರಿಕ ತೆರಿಗೆ ಒಪ್ಪಂದದ ಶೇ. 15ರ ಕಡಿತ, ತುಂಬದಿದ್ದರೆ ಒಟ್ಟು ಗಳಿಕೆಯ ಮೇಲೆಯೇ ಶೇ. 24ರವರೆಗೆ ಕಡಿತವಾಗಬಹುದು. ಒಂದು ತಿಂಗಳ ಗಳಿಕೆ ಮುಂದಿನ ತಿಂಗಳ 7ರಿಂದ 12ರೊಳಗೆ ಅಂತಿಮವಾಗಿ, ಬಾಕಿ ನೂರು ಡಾಲರ್ ದಾಟಿದ್ದರೆ 21ರಿಂದ 26ರೊಳಗೆ ಪಾವತಿಯಾಗುತ್ತದೆ, ದಾಟದಿದ್ದರೆ ಮುಂದಕ್ಕೆ ಹೋಗುತ್ತದೆ. ನನ್ನಂಥ ಚಾನೆಲ್‌ನಲ್ಲಿ ಮಾರ್ಚ್‌ನ ದುಡ್ಡು ಏಪ್ರಿಲ್ ಕೊನೆಯಲ್ಲಿ ಬ್ಯಾಂಕಿಗೆ ಬರುತ್ತದೆ. ಶಾಲೆ ಶುರುವಾಗುವ ಜೂನ್‌ನಿಂದ ದಸರಾ ರಜೆಯವರೆಗಿನದು ಸೇರಿ ಒಂದು ಪಾವತಿಯಾಗುವುದೇ ಹೆಚ್ಚು.