ಖರೀದಿಸಿದ್ದು ಖಚಿತ, ಹೇಳಿದ್ದು? ರಿವ್ಯೂ ಪಕ್ಕದ ಬ್ಯಾಡ್ಜ್ ಓದುವ ಬಗೆ

ಮಿಕ್ಸರ್ ಕೊಳ್ಳೋಣವೆಂದು ಆ್ಯಪ್ ತೆರೆದರೆ ಕೆಲವು ರಿವ್ಯೂಗಳ ಜೊತೆ ಒಂದು ಚಿಕ್ಕ ಸಾಲು ಕಾಣುತ್ತದೆ. ಅಮೆಜಾನ್‌ನಲ್ಲಿ ಅದು Verified Purchase. ಬೆಂಗಳೂರಿನ ಫ್ಲಿಪ್‌ಕಾರ್ಟ್‌ನಲ್ಲಿ Certified Buyer, ಪಕ್ಕದಲ್ಲಿ ಊರಿನ ಹೆಸರು. ಈ ಸಾಲಿನ ಅರ್ಥ ಇಷ್ಟೇ: ರಿವ್ಯೂ ಬರೆದ ಖಾತೆಯಿಂದಲೇ, ಇದೇ ತಾಣದಲ್ಲಿ, ಈ ವಸ್ತುವಿಗೆ ಆರ್ಡರ್ ಹೋಗಿದೆ. ಬರೆದವರು ನಿಜ ಹೇಳಿದ್ದಾರೆ ಎಂಬ ಭರವಸೆಯನ್ನು ಅದು ಕೊಡುವುದಿಲ್ಲ. ಆದರೂ ಅದಕ್ಕೆ ತೂಕವಿದೆ. ಆ ತೂಕ ಎಲ್ಲಿಂದ ಬರುತ್ತದೆ ಎಂದು ತಿಳಿದರೆ, ಯಾವ ಬ್ಯಾಡ್ಜನ್ನು ಎಷ್ಟು ನಂಬಬೇಕು ಎಂಬುದೂ ತಿಳಿಯುತ್ತದೆ.

ಸುಳ್ಳಿಗೆ ತಗಲುವ ಖರ್ಚು

ಬ್ಯಾಡ್ಜ್ ಇಲ್ಲದ ರಿವ್ಯೂ ಬರೆಯಲು ಆ ವಸ್ತುವನ್ನು ಕೊಳ್ಳಬೇಕಿಲ್ಲ. ಬ್ಯಾಡ್ಜ್ ಬೇಕೆಂದರೆ ದುಡ್ಡು ಕೈಬದಲಾಗಬೇಕು, ಪಾರ್ಸೆಲ್ ಹೊರಡಬೇಕು. ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದನ್ನು ಹೋಟೆಲ್‌ಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಚೆನ್ನಾಗಿ ತೋರಿಸಿತು. ಆಗ ಟ್ರಿಪ್‌ಅಡ್ವೈಸರ್‌ನಲ್ಲಿ ಯಾರು ಬೇಕಾದರೂ ಬರೆಯಬಹುದಿತ್ತು, ಎಕ್ಸ್‌ಪೀಡಿಯಾದಲ್ಲಿ ಅಲ್ಲೇ ರೂಮ್ ಬುಕ್ ಮಾಡಿದವರು ಮಾತ್ರ. ಸಂಶೋಧಕರು ಒಂದೇ ಹೋಟೆಲ್‌ನ ರಿವ್ಯೂಗಳನ್ನು ಎರಡೂ ಕಡೆ ಹೋಲಿಸಿದರು. ಪಕ್ಕದಲ್ಲೇ ಪೈಪೋಟಿಯ ಹೋಟೆಲ್ ಇದ್ದ ಕಡೆ, ಅದರಲ್ಲೂ ಆ ಪೈಪೋಟಿಯವರದು ಯಾವ ಸರಪಳಿಗೂ ಸೇರದ ಹೋಟೆಲ್ ಆಗಿದ್ದಾಗ, ಟ್ರಿಪ್‌ಅಡ್ವೈಸರ್‌ನಲ್ಲಿ ಕೆಟ್ಟ ರಿವ್ಯೂಗಳ ಪಾಲು ಎಕ್ಸ್‌ಪೀಡಿಯಾಗಿಂತ ಹೆಚ್ಚಿತ್ತು. ಹೋಟೆಲ್ ಒಂದೇ, ಸೇವೆಯೂ ಒಂದೇ. ಬೇರೆಯಾಗಿದ್ದದ್ದು ಬಾಗಿಲಲ್ಲಿ ಟಿಕೆಟ್ ಕೇಳುತ್ತಾರೋ ಇಲ್ಲವೋ ಎಂಬುದು.

ಈಗ ಇದನ್ನೇ ರೂಪಾಯಿಯಲ್ಲಿ ನೋಡೋಣ. ಒಂದು ಮಿಕ್ಸರ್ ಬೆಲೆ 2,000 ರೂ., ಅದರ ಅಸಲು 1,200 ರೂ., ತಾಣದ ಕಮಿಷನ್ 200 ರೂ., ಸಾಗಣೆ 80 ರೂ. ಎಂದಿಟ್ಟುಕೊಳ್ಳಿ. ಮಾರಾಟಗಾರ ತನ್ನ ಪರವಾಗಿ ಯಾರಿಂದಲೋ ಖರೀದಿ ಮಾಡಿಸಿ, 5 ಸ್ಟಾರ್ ಬರೆಸಿ, ಆಮೇಲೆ 2,000 ರೂಪಾಯಿಯನ್ನು ಅವರಿಗೆ ಗುಟ್ಟಾಗಿ ವಾಪಸ್ ಕೊಡುತ್ತಾನೆ. ತಾಣದಿಂದ ಅವನ ಕೈಗೆ ಬರುವುದು 1,720 ರೂ., ಹಾಗಾಗಿ 280 ಅಲ್ಲೇ ಹೋಯಿತು. ಮಿಕ್ಸರ್ ಅವರ ಮನೆಯಲ್ಲೇ ಉಳಿಯಿತು, ಅಂದರೆ ಇನ್ನೂ 1,200. ಒಂದು ಬ್ಯಾಡ್ಜ್ ರಿವ್ಯೂಗೆ 1,480 ರೂ., ಐವತ್ತಕ್ಕೆ 74,000 ರೂ. ತೆರಿಗೆಯ ಲೆಕ್ಕ ಬೇರೆ.

ಇದೇ ಲೆಕ್ಕವನ್ನು 150 ರೂಪಾಯಿಯ ಚಾರ್ಜಿಂಗ್ ಕೇಬಲ್‌ಗೆ ಹಾಕಿದರೆ ಒಂದು ರಿವ್ಯೂ ನೂರೈವತ್ತರ ಆಸುಪಾಸಿಗೆ ಸಿಗುತ್ತದೆ. ಆದ್ದರಿಂದ ಬ್ಯಾಡ್ಜ್‌ನ ತೂಕ ಎಲ್ಲ ಕಡೆ ಒಂದೇ ಅಲ್ಲ, ವಸ್ತುವಿನ ಬೆಲೆಯ ಜೊತೆ ಅದು ಏರುತ್ತದೆ, ಇಳಿಯುತ್ತದೆ. ಫ್ರಿಜ್‌ನ ಕೆಳಗಿನ ಬ್ಯಾಡ್ಜ್‌ಗೆ ಕೊಡುವಷ್ಟು ಬೆಲೆಯನ್ನು ಮೊಬೈಲ್ ಕವರ್‌ನ ಬ್ಯಾಡ್ಜ್‌ಗೆ ಕೊಡಬೇಡಿ.

ತಾಣ ಏನನ್ನು ತಾಳೆ ನೋಡುತ್ತದೆ

ಮೊದಲು ಖಾತೆ. ಮೊಬೈಲ್ ನಂಬರಿಗೆ ಒಟಿಪಿ, ಇಮೇಲ್‌ಗೆ ಲಿಂಕ್ ಎಲ್ಲರಿಗೂ ಗೊತ್ತಿರುವುದೇ. ಆನ್‌ಲೈನ್ ರಿವ್ಯೂಗಳಿಗಾಗಿ ಭಾರತ 2022ರ ನವೆಂಬರ್‌ನಲ್ಲಿ IS 19000:2022 ಎಂಬ ಮಾನದಂಡ ಹೊರತಂದಾಗ, ರಿವ್ಯೂ ಬರೆದವರನ್ನು ಗುರುತಿಸಲು ಇಮೇಲ್, ಫೋನ್ ಕರೆ ಅಥವಾ ಎಸ್‌ಎಂಎಸ್, ನೋಂದಣಿ ಖಚಿತಪಡಿಸುವ ಲಿಂಕ್, ಕ್ಯಾಪ್ಚಾ ಇಂಥ ದಾರಿಗಳನ್ನು ಹೇಳಿತು. ಇವು ತೋರಿಸುವುದು ಅಲ್ಲೊಬ್ಬ ಮನುಷ್ಯ ಇದ್ದಾನೆ ಎಂಬುದನ್ನು ಮಾತ್ರ. ಅವನು ಮಿಕ್ಸರ್ ಕೊಂಡಿದ್ದಾನೆ ಎಂಬುದು ಇಲ್ಲಿಗೆ ಗೊತ್ತಾಗುವುದಿಲ್ಲ.

ಅದಕ್ಕೆ ಬೇಕಾದದ್ದು ಆರ್ಡರ್ ದಾಖಲೆ. ಪ್ರತಿ ವಸ್ತುವಿಗೂ ತಾಣದೊಳಗೆ ಒಂದು ಗುರುತು ಸಂಖ್ಯೆ ಇರುತ್ತದೆ. ಅಮೆಜಾನ್ ಅದನ್ನು ASIN ಎನ್ನುತ್ತದೆ, ಹತ್ತು ಅಕ್ಷರ-ಅಂಕಿಗಳ ಸರಣಿ. ನೀವು ರಿವ್ಯೂ ಕಳಿಸಿದಾಗ ನಿಮ್ಮ ಖಾತೆಯ ಆರ್ಡರ್‌ಗಳಲ್ಲಿ ಆ ಸಂಖ್ಯೆ ಇದೆಯೇ ಎಂದು ಯಂತ್ರ ಹುಡುಕುತ್ತದೆ. ಆರ್ಡರ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ತಾಣದಿಂದ ತಾಣಕ್ಕೆ ಬೇರೆ. ಕೊಂಡಿಲ್ಲದ ಕಾರಣ ರಿವ್ಯೂ ಬರೆಯುವಂತಿಲ್ಲ ಎಂದು ಫ್ಲಿಪ್‌ಕಾರ್ಟ್ ಬಾಗಿಲು ಹಾಕುತ್ತದೆ. ಅಮೆಜಾನ್ ಬರೆಯಲು ಬಿಡುತ್ತದೆ, ಬ್ಯಾಡ್ಜ್ ಕೊಡುವುದಿಲ್ಲ. ಅಷ್ಟೇ ಅಲ್ಲ, ಬ್ಯಾಡ್ಜ್ ಇಲ್ಲದವರು ಬರೀ ಸ್ಟಾರ್ ಒತ್ತಿ ಹೋದರೆ ಅದನ್ನು ಒಟ್ಟು ಅಂಕಕ್ಕೆ ಸೇರಿಸುವುದಿಲ್ಲ; ಬರಹವನ್ನೋ ಫೋಟೊವನ್ನೋ ವಿಡಿಯೊವನ್ನೋ ಸೇರಿಸಿದರೆ ಮಾತ್ರ ಲೆಕ್ಕ. ಅಲ್ಲಿನ ಸ್ಟಾರ್ ಅಂಕ ಎಲ್ಲವನ್ನೂ ಕೂಡಿಸಿ ಭಾಗಿಸಿದ ಸರಾಸರಿಯೂ ಅಲ್ಲ. ರಿವ್ಯೂ ಎಷ್ಟು ಹೊಸದು, ಖರೀದಿ ಖಚಿತವೇ ಎಂಬುದನ್ನೂ ನೋಡಿ ತೂಕ ಹಾಕುತ್ತಾರೆ.

ಮೂರನೆಯದು ಬೆಲೆ, ಬಹಳ ಜನ ಗಮನಿಸದ ಹಂತ. ಮಾರಾಟಗಾರ 90% ರಿಯಾಯಿತಿಯ ಕೂಪನ್ ಹಂಚಿ ಸಾವಿರ ಜನರಿಂದ ಕೊಳ್ಳಿಸಿದರೂ ಆರ್ಡರ್ ದಾಖಲೆ ಸರಿಯಾಗಿಯೇ ಇರುತ್ತದಲ್ಲ. ಈ ದಾರಿ ಮುಚ್ಚಲು ಅಮೆಜಾನ್ ಇನ್ನೊಂದು ಷರತ್ತು ಇಟ್ಟಿದೆ: ಸಾಮಾನ್ಯ ಗಿರಾಕಿಗಳಿಗೆ ಸಿಗುವ ಬೆಲೆಯನ್ನೇ ಕೊಟ್ಟು ಕೊಂಡಿದ್ದರೆ ಮಾತ್ರ ಬ್ಯಾಡ್ಜ್. ಉಚಿತ ವಸ್ತು ಕೊಟ್ಟು ರಿವ್ಯೂ ಬರೆಸುವುದನ್ನು ಅದು 2016ರ ಅಕ್ಟೋಬರ್‌ನಲ್ಲಿ ನಿಲ್ಲಿಸಿತು. ತಾನೇ ನಡೆಸುವ ವೈನ್ ಎಂಬ ಯೋಜನೆಯನ್ನು ಮಾತ್ರ ಉಳಿಸಿಕೊಂಡು, ಆ ರಿವ್ಯೂಗಳಿಗೆ ಬೇರೆಯೇ ಗುರುತು ಹಾಕುತ್ತದೆ.

ವಾಪಸ್ ಮಾಡಿದವರ ವಿಷಯ ಸ್ವಲ್ಪ ಸೂಕ್ಷ್ಮ. ವಸ್ತು ಹಿಂದಿರುಗಿಸಿದವರ ಬ್ಯಾಡ್ಜ್ ಕಿತ್ತರೆ ನಕಲಿ ಖರೀದಿದಾರರ ಜೊತೆ, ಕೆಟ್ಟ ಮಾಲು ಸಿಕ್ಕಿ ವಾಪಸ್ ಕೊಟ್ಟ ನಿಜವಾದ ಗಿರಾಕಿಯ ಮಾತೂ ಹೋಗುತ್ತದೆ. ನಮಗೆ ಎಲ್ಲಕ್ಕಿಂತ ಬೇಕಾದದ್ದು ಆ ಗಿರಾಕಿಯ ಮಾತು. ಗೇಮ್‌ಗಳನ್ನು ಮಾರುವ ಸ್ಟೀಮ್ ತಾಣ ಇದಕ್ಕೆ ಒಳ್ಳೆಯ ದಾರಿ ಕಂಡುಕೊಂಡಿದೆ. ರಿವ್ಯೂವನ್ನು ಉಳಿಸಿ, ಹಣ ವಾಪಸ್ ಪಡೆದಿದ್ದಾರೆ ಎಂದು ಪಕ್ಕದಲ್ಲೇ ನಮೂದಿಸುತ್ತದೆ, ಎಷ್ಟು ಗಂಟೆ ಆಡಿದ್ದಾರೆ ಎಂಬುದನ್ನೂ ತೋರಿಸುತ್ತದೆ. ಬೇರೆ ತಾಣಗಳೂ ಹೀಗೆ ಮಾಡಬೇಕಿತ್ತು.

ಎಲ್ಲಿ ಸೋರುತ್ತದೆ

ಮೇಲಿನ ಲೆಕ್ಕದಲ್ಲಿ ದೊಡ್ಡ ಮೊತ್ತ ಮಿಕ್ಸರ್‌ನ ಅಸಲಿನದು. ಅದನ್ನು ಉಳಿಸಲು ಮೋಸಗಾರರು ಕಂಡುಕೊಂಡ ದಾರಿಯ ಹೆಸರು ಬ್ರಷಿಂಗ್. ಯಾರದೋ ವಿಳಾಸ ಹಾಕಿ, ತಾವೇ ತೆರೆದ ಖಾತೆಯಿಂದ ಆರ್ಡರ್ ಮಾಡಿ, ಮಿಕ್ಸರ್ ಬದಲು ಹಗುರವಾದ ಏನನ್ನೋ ಕಳಿಸುತ್ತಾರೆ. ಪಾರ್ಸೆಲ್ ಮುಟ್ಟಿತೆಂದು ದಾಖಲಾಗುತ್ತದೆ, ಬ್ಯಾಡ್ಜ್ ಬೀಳುತ್ತದೆ. 1,480 ರೂಪಾಯಿಯ ಖರ್ಚು 300ರ ಹತ್ತಿರಕ್ಕೆ ಇಳಿಯುತ್ತದೆ. 2020ರಲ್ಲಿ ಅಮೆರಿಕದ ಎಷ್ಟೋ ಮನೆಗಳಿಗೆ ಯಾರೂ ಕೇಳದ ಬೀಜದ ಪೊಟ್ಟಣಗಳು ಬಂದಾಗ ಅಲ್ಲಿನ ಕೃಷಿ ಇಲಾಖೆ ಶಂಕಿಸಿದ್ದು ಇದನ್ನೇ. ನಿಮ್ಮ ಮನೆಗೂ ಆರ್ಡರ್ ಮಾಡದ ಪಾರ್ಸೆಲ್ ಬಂದರೆ ಮೊದಲು ನಿಮ್ಮ ಖಾತೆಯ ಆರ್ಡರ್ ಪಟ್ಟಿ ನೋಡಿ. ಅಲ್ಲಿ ಅದು ಇದ್ದರೆ ಯಾರೋ ನಿಮ್ಮ ಖಾತೆಗೆ ನುಗ್ಗಿದ್ದಾರೆ, ತಕ್ಷಣ ಪಾಸ್‌ವರ್ಡ್ ಬದಲಿಸಿ. ಇಲ್ಲದಿದ್ದರೆ ನಿಮ್ಮ ವಿಳಾಸವನ್ನಷ್ಟೇ ಬಳಸಿಕೊಂಡಿದ್ದಾರೆ. ತಾಣಕ್ಕೆ ದೂರು ಕೊಡಿ.

ಇನ್ನೊಂದು ಸೋರಿಕೆ ವಸ್ತುವಿನ ಗುರುತು ಸಂಖ್ಯೆಯ ಕಡೆಯಿಂದ. ಒಂದೇ ಮಿಕ್ಸರ್‌ನ ಕೆಂಪು, ಬಿಳಿ ಬಣ್ಣಗಳಿಗೆ ರಿವ್ಯೂಗಳನ್ನು ಒಟ್ಟಿಗೆ ತೋರಿಸುವುದು ಸರಿಯೇ. ಆದರೆ ಹಳೆಯ ಒಳ್ಳೆಯ ವಸ್ತುವಿನ ಜೊತೆ ಬೇರೆಯದೇ ಹೊಸ ವಸ್ತುವನ್ನು ‘ಇನ್ನೊಂದು ಮಾದರಿ’ ಎಂದು ಸೇರಿಸಿದರೆ ಹಳೆಯದರ ಸ್ಟಾರ್‌ಗಳೆಲ್ಲ ಹೊಸದರ ಪಾಲಾಗುತ್ತವೆ. ಇದಕ್ಕಾಗಿಯೇ ಅಮೆರಿಕದ ವ್ಯಾಪಾರ ಆಯೋಗ ಎಫ್‌ಟಿಸಿ 2023ರಲ್ಲಿ ವಿಟಮಿನ್ ಮಾರುವ ಬೌಂಟಿಫುಲ್ ಕಂಪನಿಯಿಂದ 6 ಲಕ್ಷ ಡಾಲರ್ ಕಟ್ಟಿಸಿಕೊಂಡಿತು. ಇಲ್ಲಿ ಖರೀದಿದಾರರೂ ನಿಜ, ಬ್ಯಾಡ್ಜೂ ನಿಜ. ಕೊಂಡದ್ದು ಮಾತ್ರ ಬೇರೆ ವಸ್ತು.

ನೀವು ಓದುವಾಗ

ಅಮೆಜಾನ್‌ನ ರಿವ್ಯೂ ಪುಟದಲ್ಲಿ All reviewers ಎಂದಿರುವ ಕಡೆ Verified purchase only ಆರಿಸಿದರೆ ಬ್ಯಾಡ್ಜ್ ಇರುವವು ಮಾತ್ರ ಉಳಿಯುತ್ತವೆ. ಆಯ್ಕೆ ಮಾಡುವ ಮೊದಲು, ಮಾಡಿದ ಮೇಲೆ ಚಿತ್ರ ಎಷ್ಟು ಬದಲಾಯಿತು ನೋಡಿ. ಬರಹವಿರುವ 40 ರಿವ್ಯೂಗಳಿರುವ ಮಿಕ್ಸರ್ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬ್ಯಾಡ್ಜ್ ಇಲ್ಲದವು 12, ಎಲ್ಲವೂ 5 ಸ್ಟಾರ್. ಬ್ಯಾಡ್ಜ್ ಇರುವ 28ರಲ್ಲಿ 5 ಸ್ಟಾರ್ 9, 4 ಸ್ಟಾರ್ 7, 3 ಸ್ಟಾರ್ 4, 2 ಸ್ಟಾರ್ 3, 1 ಸ್ಟಾರ್ 5. ನಲವತ್ತನ್ನೂ ಸೇರಿಸಿದರೆ ಸರಾಸರಿ 3.9, ಬ್ಯಾಡ್ಜ್‌ನವು ಮಾತ್ರವಾದರೆ 3.4. ಅರ್ಧ ಸ್ಟಾರ್ ಕುಸಿತ ದೊಡ್ಡದೇ. ಆ ಹನ್ನೆರಡೂ ಒಂದೇ ವಾರದಲ್ಲಿ ಬಂದಿದ್ದರೆ ಅವನ್ನು ಬದಿಗಿಡಿ.

ಆಮೇಲೆ ಬ್ಯಾಡ್ಜ್ ಇರುವ 1, 2 ಮತ್ತು 3 ಸ್ಟಾರ್‌ಗಳನ್ನು ಓದಿ. ಇಲ್ಲಿ ಅವು 12 ಇವೆ. ಐದಾರು ಮಂದಿ ಒಂದೇ ದೋಷ ಹೇಳಿದರೆ, ಉದಾಹರಣೆಗೆ ಮೂರನೇ ತಿಂಗಳಿಗೆ ಕಪ್ಲರ್ ಸವೆಯುತ್ತದೆ, ಜಾರ್ ತಳದಿಂದ ನೀರು ಸೋರುತ್ತದೆ ಎಂದರೆ, ಅದು ವಸ್ತುವಿನದೇ ದೋಷ. ಬಾಕ್ಸ್ ಜಜ್ಜಿತ್ತು, ತಡವಾಗಿ ಬಂತು ಎಂಬವು ಸಾಗಣೆಯ ದೂರುಗಳು. ಹೆಸರಿನ ಕೆಳಗೆ ಬಣ್ಣ, ಅಳತೆ, ಮಾದರಿಯ ಸಾಲು ಇದ್ದರೆ ಅದನ್ನೂ ನೋಡಿ. 750 ವ್ಯಾಟ್ ಮಿಕ್ಸರ್‌ನ ಪುಟದಲ್ಲಿ 500 ವ್ಯಾಟ್‌ನವರ ಹೊಗಳಿಕೆ ತುಂಬಿರಬಹುದು. ಹಳೆಯ ರಿವ್ಯೂಗಳು ಕುಕ್ಕರ್ ಬಗ್ಗೆಯೋ ಇಸ್ತ್ರಿಪೆಟ್ಟಿಗೆ ಬಗ್ಗೆಯೋ ಮಾತಾಡುತ್ತಿದ್ದರೆ ಆ ಪುಟವನ್ನೇ ಬಿಟ್ಟುಬಿಡಿ.

ಬ್ಯಾಡ್ಜ್ ಇಲ್ಲ ಎಂದಮಾತ್ರಕ್ಕೆ ಸುಳ್ಳು ಎಂದುಕೊಳ್ಳುವುದೂ ತಪ್ಪು. ಮಗ ತನ್ನ ಖಾತೆಯಿಂದ ತರಿಸಿಕೊಟ್ಟ ಮಿಕ್ಸರ್ ಬಗ್ಗೆ ಅಮ್ಮ ತನ್ನ ಖಾತೆಯಿಂದ ಬರೆದರೆ ಬ್ಯಾಡ್ಜ್ ಬರುವುದಿಲ್ಲ. ಊರಿನ ಅಂಗಡಿಯಲ್ಲಿ ಕೊಂಡವರಿಗೂ, ಮದುವೆಗೆ ಉಡುಗೊರೆ ಬಂದವರಿಗೂ ಇಲ್ಲ. ಎಷ್ಟು ದಿನ ಬಳಸಿದರು, ಏನು ರುಬ್ಬಿದರು, ಎಲ್ಲಿ ಕೆಟ್ಟಿತು ಎಂದು ವಿವರವಾಗಿ ಬರೆದು ಫೋಟೊ ಹಾಕಿದ್ದರೆ ಅಂಥ ರಿವ್ಯೂಗಳನ್ನು ಓದಿ. ನೀವೇ ಬರೆಯುವಾಗ ಆರ್ಡರ್ ಹೋದ ಖಾತೆಯಿಂದಲೇ, ಆರ್ಡರ್ ಪಟ್ಟಿಯಲ್ಲಿ ಆ ವಸ್ತುವನ್ನು ತೆರೆದು ಬರೆಯಿರಿ.

ಬಾಕ್ಸ್ ಒಳಗೆ ‘5 ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿ, 100 ರೂ. ಕ್ಯಾಶ್‌ಬ್ಯಾಕ್’ ಎಂಬ ಚೀಟಿ ಸಿಕ್ಕರೆ, ಆ ವಸ್ತುವಿನ ಬ್ಯಾಡ್ಜ್ ರಿವ್ಯೂಗಳಲ್ಲಿ ಕೆಲವಕ್ಕಾದರೂ ಬೆಲೆ ಕಟ್ಟಲಾಗಿದೆ ಎಂದೇ ತಿಳಿಯಿರಿ. ಚೀಟಿಯನ್ನು ಬಿಸಾಡಬೇಡಿ. ಆರ್ಡರ್ ಸಂಖ್ಯೆ ಕಾಣುವಂತೆ ಬಾಕ್ಸ್ ಪಕ್ಕದಲ್ಲಿಟ್ಟು ಫೋಟೊ ತೆಗೆದು ತಾಣದ ಗ್ರಾಹಕ ಸೇವೆಗೆ ಕಳಿಸಿ. ಅಲ್ಲಿ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಅದೇ ಫೋಟೊ ಮತ್ತು ಆರ್ಡರ್ ಸಂಖ್ಯೆಯನ್ನು ಕೈಯಲ್ಲಿಟ್ಟುಕೊಂಡು ದೂರು ದಾಖಲಿಸಿ.