23 ಮಿ.ಮೀ.: ಒಂದೇ ಝೋನ್, ಎರಡು ವರದಿ

ಕಾರವಾರದ ಒಂದು ಸಣ್ಣ ಲ್ಯಾಬಿನಲ್ಲಿ ಕಲ್ಚರ್ ಬೆಂಚು ನೋಡಿಕೊಳ್ಳುವವಳು ನಾನು. ಸೆಫಾಕ್ಸಿಟಿನ್ ಎಂಬ ಆಂಟಿಬಯೋಟಿಕ್ ಹೀರಿಸಿದ ಡಿಸ್ಕಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವೃತ್ತ, ಅಂದರೆ ಝೋನ್, 23 ಮಿ.ಮೀ. ಬಂದರೆ ಆ ಬ್ಯಾಕ್ಟೀರಿಯಾ ಔಷಧಕ್ಕೆ ಮಣಿಯುವ ಸೆನ್ಸಿಟಿವ್ ಹೌದೋ ಅಲ್ಲವೋ ಅಂತ ಪ್ಲೇಟ್ ಒಂದನ್ನೇ ನೋಡಿ ಹೇಳಲು ಬರುವುದಿಲ್ಲ. ನಾವು ಅನುಸರಿಸುವ, ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆಯ ಪಟ್ಟಿಯ ಪ್ರಕಾರ ಸ್ಟೆಫೈಲೋಕಾಕಸ್ ಆರಿಯಸ್ ಆದರೆ 22 ಮತ್ತು ಮೇಲೆ ಸೆನ್ಸಿಟಿವ್, 21 ಮತ್ತು ಕೆಳಗೆ ರೆಸಿಸ್ಟೆಂಟ್. ಆರಿಯಸ್‌ನಂತೆ ಪ್ಲಾಸ್ಮಾ ಗಟ್ಟಿಯಾಗಿಸುವ ಕೊಯಾಗುಲೇಸ್ ಕಿಣ್ವ ಬಿಡದ, ಕೊಯಾಗುಲೇಸ್ ನೆಗೆಟಿವ್ ಸ್ಟೆಫ್‌ಗಳಲ್ಲಿ ಹೆಚ್ಚಿನವಕ್ಕೆ ಗೆರೆ 25. ಅಲ್ಲಿ 24 ಬಂದರೂ ರೆಸಿಸ್ಟೆಂಟೇ. ಅಂದರೆ 23 ಮೊದಲನೆಯದಕ್ಕೆ ಸೆನ್ಸಿಟಿವ್, ಎರಡನೆಯದಕ್ಕೆ ರೆಸಿಸ್ಟೆಂಟ್.

ಹೋದ ಮಳೆಗಾಲದಲ್ಲಿ ಇಂಥದ್ದೇ ಒಂದು ಸ್ಯಾಂಪಲ್ ಬಂದಿತ್ತು. ಬೈತಖೋಲ ಬಂದರಿನಲ್ಲಿ ಮೀನು ಆರಿಸುವ ಒಬ್ಬ ಹೆಂಗಸಿನ ಬೆರಳಲ್ಲಿ ಕುರುವಾಗಿ, ಡಾಕ್ಟರು ಕೊಯ್ದು ಕೀವು ಕಳಿಸಿದ್ದರು. ಗ್ರಾಂ ಸ್ಟೇನಿನಲ್ಲಿ ಕೀವುಕಣಗಳ ನಡುವೆ ಗೊಂಚಲು ಗೊಂಚಲಾಗಿ ದುಂಡನೆಯ ನೀಲಿ ಕಾಕೈ. ಮರುದಿನ ಬ್ಲಡ್ ಅಗಾರಿನ ಮೇಲೆ ಒಂದೇ ಬಗೆಯ ಕಾಲನಿ, ಕೆನೆಬಣ್ಣ. ಸ್ಲೈಡ್ ಕೊಯಾಗುಲೇಸ್ ನೆಗೆಟಿವ್ ಬಂತು. ಸ್ಲೈಡಿನಲ್ಲಿ ಕಾಣುವುದು ಕಣದ ಮೈಗೆ ಅಂಟಿದ ಕ್ಲಂಪಿಂಗ್ ಫ್ಯಾಕ್ಟರ್ ಮಾತ್ರ, ಅದು ಇಲ್ಲದ ಆರಿಯಸ್‌ಗಳೂ ಇವೆ. ಹಾಗಾಗಿ ಸ್ಲೈಡ್ ನೆಗೆಟಿವ್ ಬಂದ ಸ್ಟೆಫನ್ನು ನಾನು ಟ್ಯೂಬ್ ಟೆಸ್ಟ್ ಮಾಡದೆ ಬಿಡುವುದಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಅರ್ಧ ಮಿ.ಲೀ. ಮೊಲದ ಪ್ಲಾಸ್ಮಾದಲ್ಲಿ ಕಾಲನಿ ಕದಡಿ 37 ಡಿಗ್ರಿಗೆ ಇಟ್ಟೆ. ಗಂಟೆಗೊಮ್ಮೆ ತೆಗೆದು ಮೆಲ್ಲಗೆ ಓರೆ ಮಾಡಿ ನೋಡಬೇಕು, ಅಲ್ಲಾಡಿಸಬಾರದು. ಮೂರು ಗಂಟೆಗೆ ಓರೆ ಮಾಡಿದಾಗ ಪ್ಲಾಸ್ಮಾ ಹರಿಯಲಿಲ್ಲ, ಟ್ಯೂಬಿನ ತಳದಲ್ಲೇ ಗಟ್ಟಿಯಾಗಿ ಕೂತಿತ್ತು. ರಿಜಿಸ್ಟರಿನಲ್ಲಿ ಗಂಟೆ ಸಮೇತ ಬರೆದೆ.

ಸಂಜೆ ನಾಲ್ಕಕ್ಕೆ ಸೆಫಾಕ್ಸಿಟಿನ್ ಪ್ಲೇಟ್ ಹಾಕಿದೆ. ಹಿಂದಿನ ರಾತ್ರಿ ಬೆಳೆದ ಕಾಲನಿಗಳನ್ನೇ ನೇರವಾಗಿ ಸಲೈನಿನಲ್ಲಿ ಕದಡಿ 0.5 ಮ್ಯಾಕ್‌ಫರ್ಲೆಂಡ್ ದಟ್ಟತೆಗೆ ಹೊಂದಿಸುತ್ತೇನೆ. ದಟ್ಟವಾದರೆ ಝೋನ್ ಕುಗ್ಗುತ್ತದೆ, ತೆಳುವಾದರೆ ಹಿಗ್ಗುತ್ತದೆ. ಗೆರೆಯ ಹತ್ತಿರ ಒಂದು ಮಿ.ಮೀ. ಕೂಡ ವರದಿಯನ್ನೇ ತಿರುಗಿಸುವ ಟೆಸ್ಟ್ ಇದು, ಕಣ್ಣಂದಾಜು ಸಾಲುವುದಿಲ್ಲ. ಕದಡಿದ ಹದಿನೈದು ನಿಮಿಷದೊಳಗೆ ಉಪ್ಪು ಸೇರಿಸದ, 4 ಮಿ.ಮೀ. ದಪ್ಪದ ಮುಲ್ಲರ್ ಹಿಂಟನ್ ಅಗಾರಿನ ಮೇಲೆ ಸ್ವಾಬಿನಿಂದ ಮೂರು ದಿಕ್ಕಿಗೆ ಸವರಿ, 30 ಮೈಕ್ರೋಗ್ರಾಂ ಡಿಸ್ಕ್ ಇಟ್ಟು ಮೆಲ್ಲಗೆ ಒತ್ತುತ್ತೇನೆ.

ಕರಾವಳಿಯಲ್ಲಿ ಈ ಟೆಸ್ಟನ್ನು ಕೆಡಿಸುವುದು ಮುಖ್ಯವಾಗಿ ಎರಡು ಸಂಗತಿ. ಒಂದು ಮಳೆಗಾಲದ ಥಂಡಿ. ಫ್ರಿಜ್ಜಿನಿಂದ ತೆಗೆದ ತಣ್ಣನೆ ಡಿಸ್ಕ್ ಟ್ಯೂಬನ್ನು ಆಷಾಢದ ಗಾಳಿಯಲ್ಲಿ ಒಮ್ಮೆಲೆ ಬಿಚ್ಚಿದರೆ ಒಳಗೆ ನೀರು ಕೂರುತ್ತದೆ. ತೇವ ತಾಗಿದ ಸೆಫಾಕ್ಸಿಟಿನ್ ಶಕ್ತಿ ಕಳೆದುಕೊಳ್ಳುತ್ತದೆ, ಝೋನ್ ಚಿಕ್ಕದಾಗುತ್ತದೆ, ಸೆನ್ಸಿಟಿವ್ ಇದ್ದದ್ದು ರೆಸಿಸ್ಟೆಂಟ್ ಅನ್ನಿಸಿಕೊಳ್ಳುತ್ತದೆ. ಅದಕ್ಕೇ ಡಿಸ್ಕ್ ಟ್ಯೂಬನ್ನು ಸಿಲಿಕಾ ಜೆಲ್ ಇರುವ ಬಿಗಿ ಡಬ್ಬಿಯಲ್ಲಿಟ್ಟು, ಕೋಣೆಯ ಬಿಸಿಗೆ ಬರುವವರೆಗೆ ಒಂದೆರಡು ತಾಸು ಮುಚ್ಚಳ ತೆಗೆಯದೆ ಇಡುತ್ತೇನೆ. ಇನ್ನೊಂದು ಮೇ ತಿಂಗಳ ಸೆಕೆ. ಇನ್‌ಕ್ಯುಬೇಟರ್ 35 ಡಿಗ್ರಿ ದಾಟಿದರೆ ಈ ಡಿಸ್ಕ್ ಹುಡುಕುವ ಮೆಥಿಸಿಲಿನ್ ರೆಸಿಸ್ಟೆನ್ಸ್, ಅಂದರೆ ಪೆನಿಸಿಲಿನ್ ಬಳಗದ ಹೆಚ್ಚಿನ ಔಷಧಗಳಿಗೆ ಮಣಿಯದ ಗುಣ, ಸರಿಯಾಗಿ ಹೊರಗೆ ಕಾಣುವುದಿಲ್ಲ, ಝೋನ್ ಸುಳ್ಳೇ ದೊಡ್ಡದಾಗುತ್ತದೆ. ರೋಗಿಗೆ ಹೆಚ್ಚು ಅಪಾಯ ಈ ಎರಡನೆಯದರಿಂದ, ಏಕೆಂದರೆ ಮೆಥಿಸಿಲಿನ್‌ಗೆ ಮಣಿಯದ ಆರಿಯಸ್, ಅಂದರೆ ಎಂಆರ್‌ಎಸ್‌ಎ, ಇದ್ದೂ ವರದಿ ಇಲ್ಲ ಅನ್ನುತ್ತದೆ. ಹೊರಗಿನ ಡಿಸ್‌ಪ್ಲೇ ನಂಬದೆ, ಒಳಗೆ ಇಟ್ಟ ಥರ್ಮಾಮೀಟರ್ ನೋಡಿ 34ರ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತೇನೆ.

ಬೆಳಿಗ್ಗೆ ಒಂಬತ್ತಕ್ಕೆ, ಅಂದರೆ 17 ತಾಸಿಗೆ ಪ್ಲೇಟ್ ತೆಗೆದೆ. ಆರಿಯಸ್‌ಗೆ 16ರಿಂದ 18 ತಾಸು ಸಾಕು. ಹೆಚ್ಚಿನ ಕೊಯಾಗುಲೇಸ್ ನೆಗೆಟಿವ್‌ಗಳಿಗಾದರೆ ಸೆನ್ಸಿಟಿವ್ ಅಂತ ಬರೆಯುವ ಮೊದಲು 24 ತಾಸು ಕಾಯಲೇಬೇಕು. ಪ್ಲೇಟ್ ಮಗುಚಿ ಕಪ್ಪು ಹಲಗೆಯ ಮೇಲೆ ಕೆಲವು ಇಂಚು ಎತ್ತರಕ್ಕೆ ಹಿಡಿದು, ಮೇಲಿಂದ ಬೀಳುವ ಬೆಳಕಿನಲ್ಲಿ ಹಿಂಭಾಗದಿಂದ ಓದುತ್ತೇನೆ. ಬೆಳಕಿಗೆ ಅಡ್ಡ ಹಿಡಿದು ನೋಡುವುದು ಹಳೆಯ ಆಕ್ಸಾಸಿಲಿನ್ ಡಿಸ್ಕಿನ ಪದ್ಧತಿ, ಇದಕ್ಕೆ ಅಲ್ಲ. ಬರಿಗಣ್ಣಿಗೆ ಬೆಳವಣಿಗೆ ನಿಂತಂತೆ ಕಾಣುವ ಅಂಚಿನಿಂದ ಎದುರಿನ ಅಂಚಿಗೆ, ಡಿಸ್ಕಿನ 6 ಮಿ.ಮೀ. ಸೇರಿಸಿಯೇ ಅಳೆಯಬೇಕು. ಕ್ಯಾಲಿಪರ್ 23 ತೋರಿಸಿತು. ಅದರ ಜೊತೆ ಹಾಕಿದ್ದ, ಝೋನ್ ಎಷ್ಟಿರಬೇಕೆಂದು ಮೊದಲೇ ಗೊತ್ತಿರುವ ಕಂಟ್ರೋಲ್ ಸ್ಟೆಫ್ ಎಟಿಸಿಸಿ 25923ರ ಝೋನ್ 26, ಇರಬೇಕಾದ 23ರಿಂದ 29ರ ನಡುವೆ. ರೆಸಿಸ್ಟೆಂಟ್ ಕಂಟ್ರೋಲ್ 43300 ಕೂಡ 21ರ ಕೆಳಗೇ ಇತ್ತು. ಹಾಗಾಗಿ ನನ್ನ ಡಿಸ್ಕ್, ಅಗಾರ್, ಬಿಸಿ ಎಲ್ಲ ಸರಿ, ಆ 23 ಕೀವಿನ ಸ್ಟೆಫಿನದೇ.

ಅಷ್ಟರಲ್ಲಿ ಹೊಸದಾಗಿ ಸೇರಿದ ಹುಡುಗಿ ರ‍್ಯಾಕಿನಿಂದ ಕೊಯಾಗುಲೇಸ್ ಟ್ಯೂಬ್ ಎತ್ತಿ ಓರೆ ಮಾಡಿದಳು. ಪ್ಲಾಸ್ಮಾ ನೀರಿನ ಹಾಗೆ ಹರಿಯಿತು.

"ಅಕ್ಕಾ, ಸ್ಲೈಡೂ ನೆಗೆಟಿವ್, ಟ್ಯೂಬೂ ನೆಗೆಟಿವ್. 23 ಅಂದ್ರೆ ರೆಸಿಸ್ಟೆಂಟ್ ಅಂತ ಬರೀಲಾ?"

"ತಡಿ, ನಿನ್ನೆ ಮೂರು ಗಂಟೆಗೆ ಏನು ಬರೆದಿದೆ ನೋಡು."

ಕೆಲವು ಆರಿಯಸ್‌ಗಳು ಕೊಯಾಗುಲೇಸಿನ ಜೊತೆಗೆ ಸ್ಟೆಫೈಲೋಕೈನೇಸ್ ಅನ್ನೂ ಬಿಡುತ್ತವೆ. ಮಧ್ಯಾಹ್ನ ಗಟ್ಟಿಯಾದದ್ದನ್ನು ರಾತ್ರಿ ಅವೇ ಕರಗಿಸುತ್ತವೆ. ಮೊದಲ ನಾಲ್ಕು ತಾಸಿನಲ್ಲಿ ನೋಡದೆ ಬೆಳಿಗ್ಗೆ ಮಾತ್ರ ನೋಡಿದವರಿಗೆ ಅದು ನೆಗೆಟಿವ್ ಆಗಿಯೇ ಕಾಣುತ್ತದೆ. ಅವಳ ಕೈಯಲ್ಲೇ ಹೊಸ ಟ್ಯೂಬ್ ಹಾಕಿಸಿದೆ, ಮಧ್ಯಾಹ್ನದೊಳಗೆ ಮತ್ತೆ ಗಟ್ಟಿಯಾಯಿತು. ಆರಿಯಸ್ ಗುರುತಿಸಲು ನೆರವಾಗುವ ಇನ್ನೊಂದು ಟೆಸ್ಟ್, ಡಿಎನ್‌ಏಸ್ ಕೂಡ ಪಾಸಿಟಿವ್. ಆರಿಯಸ್, 23, ಆದ್ದರಿಂದ ಮೆಥಿಸಿಲಿನ್ ಸೆನ್ಸಿಟಿವ್. ಕೊಯಾಗುಲೇಸ್ ನೆಗೆಟಿವ್ ಅಂದುಕೊಂಡಿದ್ದರೆ ಆ ಹೆಂಗಸಿಗೆ ಕ್ಲಾಕ್ಸಾಸಿಲಿನ್ ಸಾಲುವಲ್ಲಿ ಲಿನೆಜೋಲಿಡ್ ಬರೆಯುತ್ತಿದ್ದರು.

ವರದಿಯಲ್ಲಿ ನಾನು ಸೆಫಾಕ್ಸಿಟಿನ್ ಸೆನ್ಸಿಟಿವ್ ಅಂತ ಬರೆಯುವುದಿಲ್ಲ, ಮೆಥಿಸಿಲಿನ್, ಕ್ಲಾಕ್ಸಾಸಿಲಿನ್‌ಗಳ ಬಳಗದ್ದೇ ಆದ ಆಕ್ಸಾಸಿಲಿನ್ ಸೆನ್ಸಿಟಿವ್ ಅಂತಲೇ ಬರೆಯುತ್ತೇನೆ. ಡಿಸ್ಕ್ ಇಲ್ಲಿ ಮೆಕ್‌ಎ ಜೀನನ್ನು ಹಿಡಿಯುವ ಸಾಧನ ಅಷ್ಟೇ. ಆ ಜೀನ್ ಮಾಡುವ ಪಿಬಿಪಿ 2ಎ ಎಂಬ ಪ್ರೋಟೀನಿಗೆ ಪೆನಿಸಿಲಿನ್ ಬಳಗದ ಹೆಚ್ಚಿನ ಔಷಧಗಳು ಸರಿಯಾಗಿ ಅಂಟಿಕೊಳ್ಳುವುದಿಲ್ಲ. ಎಷ್ಟೋ ಸಲ ಒಂದು ಕಾಲನಿಯ ಕಣಗಳಲ್ಲಿ ಸ್ವಲ್ಪವೇ ಕಣಗಳು ಆ ಪ್ರೋಟೀನನ್ನು ಎದ್ದು ಕಾಣುವಷ್ಟು ಮಾಡುತ್ತವೆ. ಆಕ್ಸಾಸಿಲಿನ್‌ಗಿಂತ ಸೆಫಾಕ್ಸಿಟಿನ್ ಆ ಜೀನನ್ನು ಚೆನ್ನಾಗಿ ಎಬ್ಬಿಸುವುದರಿಂದ ಝೋನಿನ ಅಂಚು ಸ್ಪಷ್ಟವಾಗಿ ಬರುತ್ತದೆ.

ಹಾಗಿದ್ದೂ ಕೆಲವೊಮ್ಮೆ ಅಗಲವಾದ ಝೋನಿನ ಒಳಗೆ ಸೂಜಿಮೊನೆಯಷ್ಟು ಕಾಲನಿಗಳು ಕೂತಿರುತ್ತವೆ. ಆಗ ಹೊರ ಅಂಚಿನ ಅಳತೆ ಬರೆದು ಮುಗಿಸುವ ಹಾಗಿಲ್ಲ. ಅವನ್ನೇ ಎತ್ತಿ ಬೇರೆ ಪ್ಲೇಟಿಗೆ ಹಾಕಿ, ಗ್ರಾಂ ಮತ್ತು ಕೊಯಾಗುಲೇಸ್ ನೋಡಿ, ಅವುಗಳಿಂದಲೇ ಸೆಫಾಕ್ಸಿಟಿನ್ ಮತ್ತೆ ಹಾಕುತ್ತೇನೆ. ಹೊರಗಿನಿಂದ ಬಿದ್ದ ಬೇರೆ ಬ್ಯಾಕ್ಟೀರಿಯಾ ಆದರೆ ಅಲ್ಲಿಗೆ ತೀರ್ಮಾನವಾಯಿತು. ಅದೇ ಸ್ಟೆಫ್ ಆಗಿದ್ದು ಝೋನ್ ಕುಗ್ಗಿದರೆ ವರದಿ ರೆಸಿಸ್ಟೆಂಟ್. ಅಲ್ಲಿಯವರೆಗೆ ಡಾಕ್ಟರಿಗೆ ಫೋನಿನಲ್ಲಿ "ಸರ್, ಇನ್ನೊಂದು ದಿನ ಬೇಕು" ಅನ್ನುತ್ತೇನೆ.

ಮೆಕ್‌ಎ ಇಲ್ಲದೆ, ಪೆನಿಸಿಲಿನ್ ಒಡೆಯುವ ಬೀಟಾ ಲ್ಯಾಕ್ಟಮೇಸ್ ಕಿಣ್ವವನ್ನು ಅತಿಯಾಗಿ ಮಾಡಿ ಆಕ್ಸಾಸಿಲಿನ್ ಅನ್ನು ಅಲ್ಪಸ್ವಲ್ಪ ತಡೆದುಕೊಳ್ಳುವ ಸ್ಟೆಫ್‌ಗಳೂ ಉಂಟು. ಅವು ಈ ಡಿಸ್ಕಿನಲ್ಲಿ ಸೆನ್ಸಿಟಿವ್ ಆಗಿಯೇ ಕಾಣುತ್ತವೆ. ಕೀವು ಪೂರ್ತಿ ತೆಗೆದಿದ್ದು, ಡೋಸ್ ಸರಿ ಇದ್ದೂ ಕ್ಲಾಕ್ಸಾಸಿಲಿನ್‌ಗೆ ಗಾಯ ಮಾಯುತ್ತಿಲ್ಲ ಅಂತ ಡಾಕ್ಟರು ಹೇಳಿದರೆ, ಅದೇ ಸ್ಟೆಫನ್ನು ಬೆಳವಣಿಗೆ ತಡೆಯಲು ಕನಿಷ್ಠ ಎಷ್ಟು ಆಕ್ಸಾಸಿಲಿನ್ ಬೇಕು ಅಂತ ಅಳೆಯುವ ಎಂಐಸಿ ಟೆಸ್ಟಿಗೆ ದೊಡ್ಡ ಲ್ಯಾಬಿಗೆ ಕಳಿಸುತ್ತೇನೆ.