ಮಾಲೀಕರಿಗೆ ಕಳಿಸಿದ ಫೈಲ್ ತೆರೆಯದಿದ್ದಾಗ

ತುಮಕೂರಿನ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಹಾಜರಿ ಪಟ್ಟಿ ನೋಡಿಕೊಳ್ಳುತ್ತೇನೆ. ಮೇಲ್‌ನಲ್ಲಿ ಕಳಿಸಿದ ಮಾರ್ಚ್ ಪಟ್ಟಿ ಮಾಲೀಕರಲ್ಲಿ ತೆರೆಯಲಿಲ್ಲ. ನನ್ನ ಕಂಪ್ಯೂಟರ್‌ನಲ್ಲಿ ಅದೇ ಪಟ್ಟಿ ಚೆನ್ನಾಗಿಯೇ ಇತ್ತು.

ಅದೇ ಮೇಲನ್ನು ಫಾರ್ವರ್ಡ್ ಮಾಡಿದರೆ ಆಗಲಿಲ್ಲ. ಕೆಟ್ಟ ಪ್ರತಿಯೇ ಮತ್ತೆ ಹೋಗುತ್ತದೆ, ಅಲ್ವಾ? ಹೆಸರಿನ ಕೊನೆಯ `.docx` ತೆಗೆದು `.pdf` ಅಂತ ಬರೆದರೂ ಆಗಲಿಲ್ಲ. ಹೆಸರು ಬದಲಾಗುತ್ತದೆ, ಒಳಗಿನದ್ದು ಬದಲಾಗಲ್ಲ.

ಕೊನೆಗೆ Sent ಫೋಲ್ಡರ್‌ನಿಂದ ಅದೇ ಫೈಲ್ ಇಳಿಸಿ ನೋಡಿದೆ. ನನ್ನಲ್ಲೂ ತೆರೆಯಲಿಲ್ಲ. ಮೂಲ 412 ಕೆಬಿ, ಹೋಗಿದ್ದು 96 ಕೆಬಿ. ಅಂದರೆ ಅರ್ಧಂಬರ್ಧ ಪ್ರತಿ ಹೋಗಿದೆ, ಮಾಲೀಕರ ಕಂಪ್ಯೂಟರ್ ಸರಿಯಾಗಿಯೇ ಇದೆ.

ಮೂಲ ಫೈಲ್ ತೆರೆದು Save As ಒತ್ತಿ, PDF ಆರಿಸಿ, ಹೊಸ ಹೆಸರು ಕೊಟ್ಟೆ. ಮೊದಲು ನನಗೇ ಮೇಲ್ ಮಾಡಿ, ಮೊಬೈಲ್‌ನಲ್ಲಿ ಇಳಿಸಿ, ಕೊನೆಯ ಪುಟದವರೆಗೂ ನೋಡಿದೆ. ಈ ಪರೀಕ್ಷೆ ಬಿಡಲೇಬೇಡಿ. ಆಮೇಲೆ ಮಾಲೀಕರ ಮೇಲ್‌ಗೇ Reply ಒತ್ತಿದೆ. ಫೈಲ್ ಲಗತ್ತಿಸಿ, ಅದು ಪೂರ್ತಿ ಅಪ್‌ಲೋಡ್ ಆಗುವವರೆಗೂ ಕಾದು, ಹೀಗೆ ಬರೆದೆ:

"ಮಾನ್ಯರೇ, ಬೆಳಿಗ್ಗೆ ಕಳಿಸಿದ ಮಾರ್ಚ್ ಹಾಜರಿ ಪಟ್ಟಿಯ ಫೈಲ್ ಪೂರ್ತಿ ಬಂದಿಲ್ಲ. ತೊಂದರೆಗೆ ಕ್ಷಮೆ ಇರಲಿ. ಹೊಸ ಪ್ರತಿ Hajari_March_2.pdf ಲಗತ್ತಿಸಿದ್ದೇನೆ. ನನ್ನ ಮೊಬೈಲ್‌ನಲ್ಲಿ ತೆರೆದು ನೋಡಿದ್ದೇನೆ. ವಿವರಗಳಲ್ಲಿ ಬದಲಾವಣೆ ಇಲ್ಲ. ದಯವಿಟ್ಟು ಹಳೆಯದನ್ನು ಬಳಸಬೇಡಿ."

"ಬದಲಾವಣೆ ಇಲ್ಲ" ಅನ್ನುವ ಸಾಲು ಬೇಕೇ ಬೇಕು. ಇಲ್ಲದಿದ್ದರೆ ಹೊಸದರಲ್ಲಿ ಏನು ಬದಲಾಗಿದೆ ಅಂತ ಮಾಲೀಕರು ಹುಡುಕುತ್ತಾ ಕೂರುತ್ತಾರೆ.